ಅಳೆಯಲಾಗದ ಶಾಖಕ್ಕೊಂದು ಲೆಕ್ಕ

ಗೋಬರ್ ಗ್ಯಾಸ್ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಮುಖ್ಯವಾಗಿ ಮೀಥೇನ್. ಇಂಗಾಲವೂ ಹೈಡ್ರೋಜನ್ನೂ ಸೇರಿ ಒಂದು ಮೋಲ್, ಅಂದರೆ ಸುಮಾರು 16 ಗ್ರಾಂ, ಮೀಥೇನ್ ಆಗುವಾಗ ಎಷ್ಟು ಶಾಖ ಹೊರಬರುತ್ತದೆ? ನೇರವಾಗಿ ಅಳೆಯುವುದು ಕಷ್ಟ. ಗ್ರಾಫೈಟ್ ಪುಡಿಯನ್ನು ಹೈಡ್ರೋಜನ್ ಜೊತೆ ಇಟ್ಟರೆ ಕೋಣೆಯ ತಾಪದಲ್ಲಿ ಏನೂ ಆಗದು. ಕಾಯಿಸಿದರೆ ಬೇರೆ ಹೈಡ್ರೋಕಾರ್ಬನ್‌ಗಳೂ ಹುಟ್ಟಿಕೊಳ್ಳುತ್ತವೆ.

ಆದರೆ ಮೂರನ್ನೂ ಸುಡಬಹುದು, ಸುಟ್ಟಾಗಿನ ಶಾಖವನ್ನು ನಿಖರವಾಗಿ ಅಳೆಯಬಹುದು. ದಾರಿ ಯಾವುದಾದರೂ ಮೊದಲು ಮತ್ತು ಕೊನೆಯ ಸ್ಥಿತಿ ಒಂದೇ ಆಗಿದ್ದರೆ ಒಟ್ಟು ಶಾಖವೂ ಒಂದೇ ಎಂದು ಜರ್ಮೈನ್ ಹೆಸ್ 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೋರಿಸಿದ್ದ. ಹೊರಬರುವ ಶಾಖಕ್ಕೆ ಋಣ ಚಿಹ್ನೆ. ಒಂದು ಮೋಲ್ ಇಂಗಾಲ ಉರಿದರೆ −393.5 ಕಿಲೋಜೂಲ್. ಎರಡು ಮೋಲ್ ಹೈಡ್ರೋಜನ್ ಉರಿದರೆ −571.6. ಮೀಥೇನ್ ಉರಿದರೆ −890.3, ನಮಗೆ ಬೇಕಿರುವುದು ಮೀಥೇನ್ ಹುಟ್ಟುವುದು, ಹಾಗಾಗಿ ಈ ಹೆಜ್ಜೆಯನ್ನು ತಿರುಗಿಸಿ +890.3 ಎಂದು ಬರೆಯುತ್ತೇವೆ. ಕೂಡಿಸಿದಾಗ ಆಮ್ಲಜನಕ, ನೀರು, ಇಂಗಾಲದ ಡೈಆಕ್ಸೈಡ್ ಎರಡೂ ಬದಿಯಿಂದ ಹೊಡೆದುಹೋಗಿ ಉಳಿಯುವುದು:

C + 2H₂ → CH₄, −74.8 ಕಿಲೋಜೂಲ್

ವಿದ್ಯಾರ್ಥಿಗಳು ಎಡವುವುದು ನೀರಿನಲ್ಲಿ. ಮೇಲಿನ ಅಂಕಿಗಳೆಲ್ಲ ದ್ರವ ನೀರಿಗೆ ಸಂಬಂಧಿಸಿದವು. ಹೈಡ್ರೋಜನ್ ಹೆಜ್ಜೆಯಲ್ಲಿ ಮಾತ್ರ ಆವಿಯ ಅಂಕಿ, ಮೋಲ್‌ಗೆ −241.8, ಹಾಕಿದರೆ ಉತ್ತರ +13.2 ಆಗಿ ಚಿಹ್ನೆಯೇ ತಿರುಗಿಬಿಡುತ್ತದೆ. ಎರಡು ಮೋಲ್ ನೀರನ್ನು ಆವಿಯಾಗಿಸುವ 88 ಕಿಲೋಜೂಲ್ ಲೆಕ್ಕದೊಳಗೆ ನುಸುಳಿದೆ ಎಂದರ್ಥ. ಇನ್ನೊಂದು ಮಿತಿಯೂ ಇದೆ: ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣದನ್ನು ಪಡೆಯುತ್ತಿದ್ದೇವೆ. 890ರಲ್ಲಿ ಸಾವಿರಕ್ಕೊಂದು ಪಾಲು ತಪ್ಪಿದರೂ, 74.8ರಲ್ಲಿ ಅದು ನೂರಕ್ಕೊಂದು ಪಾಲಿಗಿಂತ ಹೆಚ್ಚಿನ ತಪ್ಪಾಗುತ್ತದೆ.