ಮಳೆಗಾಲದ ರಾತ್ರಿ ಬಾಲ್ಕನಿಯಿಂದ ಒಳಬರುವ ಬಸವನಹುಳು

ಜೂನ್ ತಿಂಗಳ ಮಳೆ ಹಿಡಿದುಕೊಂಡ ಮೇಲೆ ಮಂಗಳೂರಿನ ಫ್ಲ್ಯಾಟುಗಳಲ್ಲಿ ಸುಬ್‌ಹಿ ನಮಾಝಿಗೆ ಎದ್ದು ಲೈಟ್ ಹಾಕಿದವರಿಗೆ ನೆಲದ ಮೇಲೆ ಬೆಳ್ಳಿ ಬಣ್ಣದ ಒಂದು ಅಂಕುಡೊಂಕು ಗೆರೆ ಕಾಣುವುದುಂಟು. ಬಾಲ್ಕನಿಯ ಬಾಗಿಲಿನಿಂದ ಹೊರಟು ಅಡುಗೆಮನೆಯ ಸಿಂಕಿನ ಕಡೆಗೋ ಬಚ್ಚಲಿನ ಕಡೆಗೋ ಹೋಗಿರುತ್ತದೆ. ಗೆರೆಯ ತುದಿಯಲ್ಲಿ ಕೆಲವೊಮ್ಮೆ ಅದನ್ನು ಎಳೆದವನೂ ಸಿಗುತ್ತಾನೆ: ಚಿಪ್ಪು ಹೊತ್ತ ಬಸವನಹುಳು, ಇಲ್ಲವೇ ಚಿಪ್ಪೇ ಇಲ್ಲದ ಸಿಂಬಳದ ಹುಳು. ಮನೆಯವರು ಅದನ್ನು ಹೊರಗೆ ಎಸೆದು ನೆಲ ಒರೆಸುತ್ತಾರೆ. ಮರುದಿನ ಇನ್ನೊಂದು ಗೆರೆ.

ಇವು ರಸ್ತೆಯಿಂದ ಮನೆ ಹುಡುಕಿಕೊಂಡು ಬಂದವು ಎಂದು ಹೆಚ್ಚಿನವರು ಭಾವಿಸುತ್ತಾರೆ. ನೆಲಮಹಡಿಯ ಮನೆಗಳಲ್ಲಿ ಅದು ನಿಜವಿರಬಹುದು, ಒದ್ದೆ ಗೋಡೆಯನ್ನು ಇವು ಚೆನ್ನಾಗಿಯೇ ಹತ್ತುತ್ತವೆ. ಆದರೆ ಎರಡನೇ, ಮೂರನೇ ಮಹಡಿಯಲ್ಲಿ ಕಾಣುವ ಹುಳು ಸಾಮಾನ್ಯವಾಗಿ ನಮ್ಮದೇ ಹೂಕುಂಡದಲ್ಲಿ ಹುಟ್ಟಿ ಬೆಳೆದದ್ದು. ನರ್ಸರಿಯಿಂದ ತಂದ ಮಲ್ಲಿಗೆ ಗಿಡದ ಮಣ್ಣಿನಲ್ಲಿ ಅದರ ಮೊಟ್ಟೆ ಬಂದಿರುತ್ತದೆ. ಆದ್ದರಿಂದ ಬಾಗಿಲು ಭದ್ರ ಮಾಡುವುದಕ್ಕಿಂತ ಮೊದಲು ಕುಂಡದ ಅಡಿಯನ್ನು ನೋಡಬೇಕು.

ನಮ್ಮ ಕಡೆ ಮುಖ್ಯವಾಗಿ ಕಾಣುವವು ಎರಡು. ಒಂದು ಆಫ್ರಿಕಾದ ದೈತ್ಯ ಬಸವನಹುಳು. ಕಂದು ಬಣ್ಣದ, ಉದ್ದುದ್ದ ಪಟ್ಟೆಗಳಿರುವ, ಚೂಪು ತುದಿಯ ಶಂಖದಂಥ ಚಿಪ್ಪು ಅದರ ಗುರುತು. ಇದು ಈ ನೆಲದ್ದಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿಗಳ ಸಂಗ್ರಾಹಕ ಮಾರಿಷಸ್‌ನಿಂದ ಕೆಲವನ್ನು ಕಲ್ಕತ್ತಕ್ಕೆ ತಂದ. ಅಲ್ಲಿನ ಒಂದು ತೋಟಕ್ಕೆ ಬಿಟ್ಟವು ಹರಡಿ ಇಂದು ದೇಶದ ಬಹುಭಾಗದಲ್ಲಿವೆ. ಇನ್ನೊಂದು, ಚಪ್ಪಟೆಯಾಗಿ ಹಳೆಯ ಚರ್ಮದ ತುಂಡಿನಂತೆ ಕಾಣುವ, ಬೆನ್ನಿನ ನಡುವೆ ತಿಳಿಬಣ್ಣದ ಗೆರೆಯಿರುವ ಕಪ್ಪು-ಕಂದು ಸಿಂಬಳದ ಹುಳು. ಇದರ ಮೂಲವೂ ಆಫ್ರಿಕಾವೇ. ಕಂಡದ್ದೆಲ್ಲವೂ ಹೊರಗಿನದು ಎಂದಲ್ಲ. ಪಶ್ಚಿಮ ಘಟ್ಟದಲ್ಲಿ ಬೇರೆಲ್ಲೂ ಇಲ್ಲದ ಸುಂದರ ಬಸವನಹುಳುಗಳಿವೆ, ಕಾಡಿನ ಅಂಚಿನ ಮನೆಯವರು ಗುರುತು ನೋಡದೆ ಕೊಲ್ಲಬಾರದು.

ಇವು ಮಳೆಯಲ್ಲೇ ಯಾಕೆ ಹೊರಡುತ್ತವೆ? ಪಿಯುಸಿಯ ಜೀವಶಾಸ್ತ್ರದಲ್ಲಿ ಮೃದ್ವಂಗಿಗಳ ಪಾಠ ಓದಿದವರಿಗೆ ಅರ್ಧ ಉತ್ತರ ಗೊತ್ತು. ಇವುಗಳ ಮೈ ಮೆತ್ತಗಿನದು, ಚರ್ಮದ ಮೂಲಕ ನೀರು ಸುಲಭವಾಗಿ ಆವಿಯಾಗಿ ಹೋಗುತ್ತದೆ. ಸಾಲದ್ದಕ್ಕೆ ನಡೆಯುವಾಗಲೆಲ್ಲ ಪಾದದಡಿಯಲ್ಲಿ ಲೋಳೆ ಹಾಕುತ್ತಾ ಹೋಗಬೇಕು, ಆ ಲೋಳೆಯ ಬಹುಪಾಲು ನೀರೇ. ಅಂದರೆ ಪ್ರತಿ ಅಡಿ ಪ್ರಯಾಣಕ್ಕೂ ಇವು ನೀರಿನ ಬೆಲೆ ತೆರುತ್ತವೆ. ಬೇಸಗೆಯಲ್ಲಿ ಆ ಬೆಲೆ ಕೊಡಲಾಗದೆ ಬಸವನಹುಳು ಚಿಪ್ಪಿನ ಬಾಯಿಗೆ ಒಣಗಿದ ಲೋಳೆಯ ಪರದೆ ಕಟ್ಟಿಕೊಂಡು ಮಣ್ಣಿನಲ್ಲೋ ಕುಂಡದ ಸಂದಿಯಲ್ಲೋ ತಿಂಗಳುಗಟ್ಟಲೆ ಮಲಗುತ್ತದೆ. ಚಿಪ್ಪಿಲ್ಲದ್ದು ಇನ್ನೂ ಆಳದ ತೇವಕ್ಕೆ ಇಳಿಯುತ್ತದೆ. ಮೊದಲ ಮಳೆ ಬಿದ್ದು ಗಾಳಿ, ಗೋಡೆ, ನೆಲ ಎಲ್ಲವೂ ತೇವವಾದಾಗ ಪ್ರಯಾಣ ಬಹುತೇಕ ಪುಕ್ಕಟೆ. ಹಸಿದ ಹುಳು ಎದ್ದು ಹೊರಡುತ್ತದೆ.

ಒಳಗೆ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ಮೂರು ದಿನ ಬಿಡದೆ ಸುರಿದರೆ ಕುಂಡದ ಮಣ್ಣಿನಲ್ಲಿ ನೀರು ತುಂಬಿ ಗಾಳಿಗೆ ಜಾಗವಿರುವುದಿಲ್ಲ. ಮಣ್ಣಿನಲ್ಲಿದ್ದವು ಮೇಲೆ ಬರಲೇಬೇಕು. ರಾತ್ರಿಯಿಡೀ ತಿರುಗಾಡಿದ ಹುಳು ಬೆಳಕಾಗುವ ಮುಂಚೆ ತಂಪಾದ, ಕತ್ತಲೆಯ ಜಾಗ ಹುಡುಕುತ್ತದೆ. ಬಾಲ್ಕನಿ ಬಾಗಿಲಿನ ಕೆಳಗಿನ ಸಂದಿ, ಅದರಾಚೆಯ ಒದ್ದೆ ಕಾಲೊರಸು, ಸಿಂಕಿನ ಕೆಳಗಿನ ತೇವದ ಮೂಲೆ ಇವೆಲ್ಲ ಅದಕ್ಕೆ ಒಂದೇ ಸಾಲಿನಲ್ಲಿ ಸಿಗುತ್ತವೆ. ನಮ್ಮ ಮನೆ ಎಂಬುದು ಅದಕ್ಕೆ ಗೊತ್ತಿಲ್ಲ, ತೇವದ ದಾರಿ ಮಾತ್ರ ಗೊತ್ತು. ಚಿಪ್ಪಿಲ್ಲದ ಹುಳು ಮೈ ಚಪ್ಪಟೆ ಮಾಡಿಕೊಂಡು ಕೆಲವೇ ಮಿಲಿಮೀಟರ್ ಸಂದಿಯಲ್ಲೂ ನುಸುಳುತ್ತದೆ.

ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ಮನೆ ಮೂರನೇ ಮಹಡಿಯಲ್ಲಿದೆ. ಕಳೆದ ಜುಲೈಯಲ್ಲಿ ಅವರ ಪುದೀನ ಕುಂಡದ ಎಲೆಗಳೆಲ್ಲ ತೂತಾಗತೊಡಗಿದವು. ಅವಳ ಉಮ್ಮ ಕಂಬಳಿಹುಳು ಎಂದುಕೊಂಡು ಎಲೆ ಮಗುಚಿ ಮಗುಚಿ ನೋಡಿದರು, ಒಂದೂ ಸಿಗಲಿಲ್ಲ. ಕಂಬಳಿಹುಳು ತಿಂದಿದ್ದರೆ ಎಲೆಯ ಮೇಲೆ ಸಣ್ಣ ಕಾಳುಗಳಂಥ ಹಿಕ್ಕೆ ಬಿದ್ದಿರುತ್ತದೆ. ಇಲ್ಲಿ ಅದಿರಲಿಲ್ಲ, ಬದಲಿಗೆ ಕುಂಡದ ಅಂಚಿನಲ್ಲಿ ಒಣಗಿದ ಲೋಳೆ ಹೊಳೆಯುತ್ತಿತ್ತು. ಬಸವನಹುಳುವಿನ ನಾಲಿಗೆಯ ಮೇಲೆ ಅರದಂತೆ ಸಾಲುಸಾಲು ಸೂಕ್ಷ್ಮ ಹಲ್ಲುಗಳಿರುತ್ತವೆ. ಅದು ಎಲೆಯನ್ನು ಕಚ್ಚುವುದಿಲ್ಲ, ಕೆರೆಯುತ್ತದೆ. ಹಾಗಾಗಿ ತೂತಿನ ಅಂಚು ಒರಟೊರಟಾಗಿರುತ್ತದೆ.

ಅಂದು ರಾತ್ರಿ ಒಂಬತ್ತೂವರೆಗೆ ಮಳೆ ನಿಂತಾಗ ಅವಳು ಟಾರ್ಚ್ ಹಿಡಿದು ಬಾಲ್ಕನಿಗೆ ಹೋದಳು. ಹಗಲಿನಲ್ಲಿ ಒಂದೂ ಕಾಣದಿದ್ದ ಜಾಗದಲ್ಲಿ ಒಂಬತ್ತು ಸಿಂಬಳದ ಹುಳುಗಳಿದ್ದವು. ನಾಲ್ಕು ಪುದೀನದ ಮೇಲೆ, ಉಳಿದವು ಕುಂಡದ ಹೊರಮೈಯಲ್ಲಿ. ಒಂದಂತೂ ಬಾಗಿಲ ಕಡೆಗೆ ಅರ್ಧ ದಾರಿ ಸಾಗಿತ್ತು. ಬೆಳಿಗ್ಗೆ ಕುಂಡವನ್ನು ಎತ್ತಿ ನೋಡಿದಾಗ ನೀರು ನಿಂತ ತಟ್ಟೆಯ ಮತ್ತು ಕುಂಡದ ನಡುವೆ ಇನ್ನೂ ಮೂರು, ಪಕ್ಕದ ಮಲ್ಲಿಗೆ ಕುಂಡದ ಅಡಿಯಲ್ಲಿ ದಾರಕ್ಕೆ ಪೋಣಿಸಿದ ಮಣಿಗಳಂತೆ ಲೋಳೆಯಲ್ಲಿ ಸುತ್ತಿಕೊಂಡ ಮೊಟ್ಟೆಗಳು. ಮಲ್ಲಿಗೆಯನ್ನು ಮೇ ತಿಂಗಳಲ್ಲಿ ನರ್ಸರಿಯಿಂದ ತಂದಿದ್ದರು. ಆಫ್ರಿಕಾದ ಬಸವನಹುಳುವಾಗಿದ್ದರೆ ಮೊಟ್ಟೆಗಳು ಬಿಡಿಬಿಡಿಯಾಗಿ, ನೆನೆದ ಸಾಬಕ್ಕಿಯಷ್ಟು ದಪ್ಪ, ತುಸು ಹಳದಿ ಛಾಯೆಯಲ್ಲಿ ಮಣ್ಣೊಳಗೆ ಗುಂಪಾಗಿರುತ್ತವೆ, ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು. ಈ ಜೀವಿಗಳಲ್ಲಿ ಗಂಡು ಹೆಣ್ಣು ಎರಡೂ ಅಂಗ ಒಂದೇ ಮೈಯಲ್ಲಿರುವುದರಿಂದ ಎಲ್ಲವೂ ಮೊಟ್ಟೆಯಿಡುತ್ತವೆ. ಒಮ್ಮೆ ಕೂಡಿದ ಬಸವನಹುಳು ವೀರ್ಯವನ್ನು ಮೈಯೊಳಗೆ ಕಾಪಿಟ್ಟುಕೊಂಡು ತಿಂಗಳುಗಳ ನಂತರವೂ ಮೊಟ್ಟೆಯಿಡಬಲ್ಲದು. ಹಾಗಾಗಿ ಒಂದೇ ಒಂದು ಉಳಿದರೂ ಕತೆ ಮುಗಿದಿರುವುದಿಲ್ಲ.

ಅವರು ಮಾಡಿದ್ದು ಇಷ್ಟು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ರಾತ್ರಿ ಹೆಕ್ಕುವುದನ್ನು ವಾರವಿಡೀ ಬಿಡಲಿಲ್ಲ. ತಟ್ಟೆಗಳನ್ನು ತೆಗೆದು ಕುಂಡಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟರು, ಅಡಿಗೆ ಗಾಳಿ ಆಡಿ ಒಣಗತೊಡಗಿತು. ಅಡಗಲು ಒಂದೇ ಒಂದು ಜಾಗ ಬಿಟ್ಟರು: ಒದ್ದೆ ಗೋಣಿಚೀಲದ ತುಂಡು, ಅದರಡಿಯಲ್ಲಿ ಪಪ್ಪಾಯಿ ಸಿಪ್ಪೆ. ಬೆಳಗಾಗುವ ಹೊತ್ತಿಗೆ ಉಳಿದ ಹುಳುಗಳು ತಾವೇ ಅದರಡಿ ಸೇರಿರುತ್ತಿದ್ದವು. ಮೂರನೇ ರಾತ್ರಿ ಜೋರು ಮಳೆಗೆ ಸಂಖ್ಯೆ ಮತ್ತೆ ಏರಿದಾಗ ಬೇಸರವಾಯಿತಂತೆ. ಆದರೆ ಅದು ಸೋಲಿನ ಗುರುತಲ್ಲ, ಮಣ್ಣಿನೊಳಗೆ ಉಳಿದಿದ್ದವು ಹೊರಬಂದದ್ದಷ್ಟೆ. ವಾರದ ಕೊನೆಗೆ ಒಂದೋ ಎರಡೋ ಸಿಗುತ್ತಿದ್ದವು. ಆಮೇಲೆ ಬಾಗಿಲ ಅಡಿಗೆ ರಬ್ಬರ್ ಪಟ್ಟಿ, ಬಾಲ್ಕನಿಯ ನೀರು ಹೋಗುವ ತೂತಿಗೆ ಸಣ್ಣ ಕಣ್ಣಿನ ಜಾಳಿಗೆ.

ಉಪ್ಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಪ್ಪು ಬಿದ್ದ ಹುಳು ಸಾಯುವುದು ಆಸ್ಮೋಸಿಸ್‌ನಿಂದ: ಹೊರಗಿನ ಗಾಢ ದ್ರಾವಣದ ಕಡೆಗೆ ಮೈಯ ನೀರೆಲ್ಲ ಸೆಳೆದುಹೋಗುತ್ತದೆ. ಅದೇ ಉಪ್ಪು ಕುಂಡದ ಮಣ್ಣಿಗೆ ಇಳಿದರೆ ಗಿಡದ ಬೇರಿಗೂ ಅದೇ ಗತಿ. ಹೊಸ್ತಿಲಲ್ಲಿ ಉಪ್ಪಿನ ಗೆರೆ ಎಳೆದರೆ ನಮ್ಮ ಜುಲೈಯ ಗಾಳಿಗೆ ಅದು ಬೇಗನೆ ನೀರಾಗುತ್ತದೆ. ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿಗಳಿಗೂ ದೊಡ್ಡ ಹೆಸರಿದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಇವನ್ನು ಲೆಟ್ಯೂಸ್ ಗಿಡಗಳ ಸುತ್ತ ಹಾಕಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಹುಳುವನ್ನು ಕೊಲ್ಲುತ್ತದೆ ನಿಜ, ಆದರೆ ಬೆಕ್ಕು, ನಾಯಿ, ಪುಟ್ಟ ಮಕ್ಕಳು ತಿಂದರೆ ಅವರಿಗೂ ವಿಷ. ಮನೆಯ ಬಾಲ್ಕನಿಗೆ ಅದು ಬೇಡ. ಹೆಕ್ಕಿದ ಆಫ್ರಿಕಾದ ಹುಳುಗಳನ್ನು ಪಕ್ಕದ ಖಾಲಿ ಸೈಟಿಗೆ ಎಸೆಯುವುದೂ ಸರಿಯಲ್ಲ, ಅಲ್ಲಿಂದ ಯಾರದಾದರೂ ತೋಟಕ್ಕೆ ಹೋಗುತ್ತವೆ. ದಪ್ಪ ಚೀಲದಲ್ಲಿ ಕಟ್ಟಿ ಒಂದೇ ಏಟಿಗೆ ಜಜ್ಜಿ, ಆಮೇಲೆ ಆಳವಾಗಿ ಹೂಳುವುದು ವಾಸಿ. ಕೊಲ್ಲಲೇಬೇಕಾದರೆ ಬೇಗ ಮುಗಿಯಲಿ, ಉಪ್ಪಿನಲ್ಲಿ ನರಳಿಸುವುದು ಬೇಡ.

ನೆಲದ ಗೆರೆಯನ್ನು ಒರೆಸುವಾಗಲೂ ಒಂದು ಕ್ರಮವಿದೆ. ಲೋಳೆ ನೀರು ಕುಡಿದು ಉಬ್ಬುತ್ತದೆ, ಮೊದಲೇ ನೀರು ಹಾಕಿದರೆ ಇನ್ನಷ್ಟು ಜಾರುತ್ತದೆ. ಒಣ ಕಾಗದದಿಂದ ಉಜ್ಜಿ ತೆಗೆದು ಆಮೇಲೆ ಸೋಪು ನೀರಿನಲ್ಲಿ ಒರೆಸಬೇಕು. ಹುಳು ಮುಟ್ಟಿದ ಕೈಗೂ ಹೀಗೆಯೇ.

ಇಷ್ಟೆಲ್ಲ ಎಚ್ಚರಿಕೆ ಬರೀ ಅಸಹ್ಯಕ್ಕಲ್ಲ. ಇಲಿಗಳ ಶ್ವಾಸಕೋಶದಲ್ಲಿ ಬದುಕುವ ಒಂದು ಪರಾವಲಂಬಿ ಹುಳುವಿದೆ. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಬರುತ್ತವೆ, ಹಿಕ್ಕೆ ತಿಂದ ಬಸವನಹುಳು ಮತ್ತು ಸಿಂಬಳದ ಹುಳುಗಳೊಳಗೆ ಬೆಳೆಯುತ್ತವೆ. ಅಂಥ ಹುಳುವನ್ನು ಮನುಷ್ಯ ಹಸಿಯಾಗಿ ನುಂಗಿದರೆ ಮರಿಗಳು ಮಿದುಳಿಗೆ ಹೋಗಿ ಒಂದು ಬಗೆಯ ಮೆನಿಂಜೈಟಿಸ್ ತರಬಲ್ಲವು. ಕೇರಳದಲ್ಲಿ ಪ್ರಕರಣಗಳು ವರದಿಯಾಗಿವೆ. ಸಿಡ್ನಿಯಲ್ಲಿ 2010ರಲ್ಲಿ ಗೆಳೆಯರ ಸವಾಲಿಗೆ ಯುವಕನೊಬ್ಬ ಸಿಂಬಳದ ಹುಳು ನುಂಗಿದ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೋಮಾದಲ್ಲಿದ್ದು, ಎದ್ದ ಮೇಲೂ ಮೈ ಸ್ವಾಧೀನವಿಲ್ಲದೆ ಬದುಕಿ, 2018ರಲ್ಲಿ ತೀರಿಕೊಂಡ. ನಮ್ಮ ಮನೆಗಳಲ್ಲಿ ಯಾರೂ ಬೇಕೆಂದು ನುಂಗುವುದಿಲ್ಲ. ಅಪಾಯವಿರುವುದು ಎಲೆಗಳಲ್ಲಿ. ಈಗಷ್ಟೇ ಮೊಟ್ಟೆಯೊಡೆದ ಹುಳು ಅಕ್ಕಿಕಾಳಿನಷ್ಟಿರುತ್ತದೆ, ಪುದೀನದ ಮಡಿಕೆಯಲ್ಲಿ ಅಂಟಿಕೊಂಡರೆ ಕಣ್ಣಿಗೆ ಬೀಳುವುದಿಲ್ಲ, ನೇರ ಚಟ್ನಿಯ ಮಿಕ್ಸಿಗೆ ಹೋಗುತ್ತದೆ. ಬಾಲ್ಕನಿಯ ಪುದೀನ, ಕೊತ್ತಂಬರಿಯನ್ನು ಕಟ್ಟುಕಟ್ಟಾಗಿ ಅದ್ದಿ ತೆಗೆಯದೆ, ಒಂದೊಂದೇ ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ಎರಡೂ ಬದಿ ತೊಳೆಯಬೇಕು. ಉಪ್ಪುನೀರಿನಲ್ಲಿ ನೆನೆಸಿದ ಮಾತ್ರಕ್ಕೆ ಪರಾವಲಂಬಿ ಸಾಯುತ್ತದೆಂದು ನಂಬುವಂತಿಲ್ಲ, ಚೆನ್ನಾಗಿ ಬೇಯಿಸಿದರೆ ಮಾತ್ರ ಖಚಿತ. ಹುಳು ಹೆಚ್ಚಿರುವ ವಾರಗಳಲ್ಲಿ ಅವರ ಮನೆಯಲ್ಲಿ ಪುದೀನ ಬಿರಿಯಾನಿಯ ಪಾತ್ರೆಗೆ ಹೋಯಿತು, ಚಟ್ನಿಗೆ ಹೋಗಲಿಲ್ಲ.

ಅಂಬೆಗಾಲಿಡುವ ಮಗು ಮನೆಯಲ್ಲಿದ್ದರೆ ಬೆಳಿಗ್ಗೆ ಅದನ್ನು ನೆಲಕ್ಕೆ ಬಿಡುವ ಮುಂಚೆ ಕಾಲೊರಸನ್ನು ಎತ್ತಿ ನೋಡಿ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುವ ವಯಸ್ಸದು. ಮಗು ಹುಳುವನ್ನು ಬಾಯಿಗೆ ಹಾಕಿಕೊಂಡಿತೆಂದು ಗೊತ್ತಾದರೆ ಕಾಯದೆ ವೈದ್ಯರ ಬಳಿಗೆ ಹೋಗಿ. ದೊಡ್ಡವರಿಗೂ ಒಂದರಿಂದ ಮೂರು ವಾರದೊಳಗೆ ಬಿಡದ ತಲೆನೋವು, ಕುತ್ತಿಗೆ ಬಿಗಿತ, ಚರ್ಮದಲ್ಲಿ ಜುಮುಜುಮು ಕಾಣಿಸಿಕೊಂಡರೆ ವೈದ್ಯರಿಗೆ ಬಸವನಹುಳುವಿನ ವಿಷಯವನ್ನು ನೀವೇ ಹೇಳಬೇಕು, ಅವರಾಗಿ ಕೇಳುವ ಪ್ರಶ್ನೆ ಅದಲ್ಲ.