ಉಪಸಂಹಾರವೂ ಪುನರುಕ್ತಿಯೂ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬರೆದ ಸಾಹಿತ್ಯ ಪ್ರಬಂಧದ ಕೊನೆಯ ಕಂಡಿಕೆಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಓದಿ ನೋಡಿ. ಎರಡನ್ನೂ ಅದಲುಬದಲು ಮಾಡಿದರೂ ಪ್ರಬಂಧ ಕೆಡದಿದ್ದರೆ, ಉಪಸಂಹಾರವಿರಬೇಕಾದ ಕಡೆ ಪುನರುಕ್ತಿ ಕುಳಿತಿದೆ ಎಂದು ತಿಳಿಯಬೇಕು.

‘ಗೋವಿನ ಹಾಡ’ನ್ನೇ ತೆಗೆದುಕೊಳ್ಳೋಣ. ಪುಣ್ಯಕೋಟಿಯ ಸತ್ಯವು ಹುಲಿಯ ಮನಸ್ಸನ್ನು ತಿರುಗಿಸಿತು ಎಂಬುದು ಪ್ರಬಂಧದ ವಾದ. ಹಸು ಮಾತು ಕೊಟ್ಟದ್ದು, ಕರುವನ್ನು ಬೀಳ್ಕೊಂಡದ್ದು, ಹುಲಿಯ ಬಳಿಗೆ ಮರಳಿದ್ದು, ಹುಲಿ ಪ್ರಾಣ ಬಿಟ್ಟದ್ದು ಒಡಲಿನಲ್ಲಿ ಆಧಾರವಾಗಿ ಬಂದಿವೆ. ಕೊನೆಯಲ್ಲಿ “ಆದುದರಿಂದ ಸತ್ಯವೇ ದೊಡ್ಡದು” ಎಂದರೆ, ಆಗಲೇ ಬಡಿಸಿದ್ದನ್ನೇ ಮತ್ತೆ ಬಡಿಸಿದಂತಾಯಿತು.

ಅದರ ಬದಲು, ಈ ವಾದ ನಿಜವಾದರೆ ಅದರಿಂದ ಮುಂದೇನು ಹುಟ್ಟುತ್ತದೆ ಎಂದು ಕೇಳಬೇಕು. ಹುಲಿಯ ಮನಸ್ಸು ತಿರುಗಿತು, ಸರಿ. ಹಾಗಾದರೆ ಅದು ಸಾಯಬೇಕಾದದ್ದೇಕೆ? ಮಾಂಸವಿಲ್ಲದೆ ಹುಲಿ ಬದುಕಲಾರದು. ಕೊಲ್ಲಲು ಮನಸ್ಸಿಲ್ಲದ ಮೇಲೆ ಹುಲಿಯಾಗಿ ಉಳಿಯುವ ದಾರಿ ಅದಕ್ಕಿಲ್ಲ. ಹಸುವನ್ನು ಉಳಿಸಿದ ಸತ್ಯವೇ ಹುಲಿಯಿಂದ ಪ್ರಾಣದ ಬೆಲೆ ಪಡೆಯಿತು. ಇಷ್ಟನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿದರೆ ಮೊದಲಿನ ವಾದ ಹಾಗೆಯೇ ನಿಂತು, ಹಾಡಿನ ಇನ್ನೊಂದು ಮುಖವೂ ಕಾಣುತ್ತದೆ.

ಒಂದು ಎಚ್ಚರಿಕೆ. ಈ ಮುಂದಿನ ಹೆಜ್ಜೆಗೆ ಆಧಾರ ಒಡಲಿನಲ್ಲಿಯೇ ಇರಬೇಕು. ಹುಲಿಯ ಸಾವು ಅಲ್ಲಿ ಬಂದಿರದಿದ್ದರೆ, ಮೊದಲು ಅಲ್ಲಿ ಸೇರಿಸಿ ಬರಬೇಕು. ಕೊನೆಯಲ್ಲಿ ಹೊಸದಾಗಿ ಹರಿಶ್ಚಂದ್ರನನ್ನು ಕರೆತಂದರೆ ಅವನ ಮಾತಿಗೆ ಬೇರೆ ಸಾಕ್ಷ್ಯ ಬೇಕಾಗುತ್ತದೆ; ಅದನ್ನು ಒದಗಿಸಲು ಆಗ ಸ್ಥಳವಿರುವುದಿಲ್ಲ.