ಏರಿನಲ್ಲಿ ಮಾತ್ರ ಮುನಿಯುವ ಮೂರನೇ ಸಿಲಿಂಡರ್

ಬೆಳ್ತಂಗಡಿ ಕಡೆಯ ಟೀಚರೊಬ್ಬರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರು, ಓಡಿದ್ದು ಎಪ್ಪತ್ತು ಸಾವಿರ ಕಿಲೋಮೀಟರ್ ಆಸುಪಾಸು. ಉಜಿರೆಯವರೆಗೆ ಯಾವ ತಕರಾರೂ ಇಲ್ಲ. ಚಾರ್ಮಾಡಿ ಘಾಟಿ ಶುರುವಾಗಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಗಾಡಿ ಮುಗ್ಗರಿಸತೊಡಗುತ್ತದೆ. ಕಾಲು ಸಡಿಲ ಬಿಟ್ಟರೆ ಸರಿಹೋಗುತ್ತದೆ, ಒತ್ತಿದರೆ ಮತ್ತೆ ಜರ್ಕು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ನೀರುದೋಸೆ ತಿಂದು ಬಂದು ಸ್ಟಾರ್ಟ್ ಮಾಡಿದರೆ ಇಂಜಿನ್ ಹೊಸದರಂತೆ ನುಣುಪಾಗಿ ತಿರುಗುತ್ತದೆ.

ಇದಕ್ಕೆ ಗ್ಯಾರೇಜಿನವರು ‘ಮಿಸ್ ಹೊಡೀತಿದೆ’ ಅನ್ನುತ್ತಾರೆ. ನಾಲ್ಕರಲ್ಲಿ ಒಂದು ಸಿಲಿಂಡರ್ ತನ್ನ ಸರದಿ ಬಂದಾಗ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಸ್ಕ್ಯಾನರ್ ಹಾಕಿದಾಗ ಪರದೆಯ ಮೇಲೆ P0303 ಎಂಬ ಕೋಡ್ ಬಂತು. ಕೊನೆಯ 3 ಸಿಲಿಂಡರಿನ ಸಂಖ್ಯೆ. ಮೂರನೇ ಸಿಲಿಂಡರ್ ಮಿಸ್ ಆಗುತ್ತಿದೆ ಎಂದಷ್ಟೇ ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಹೇಳಲು ಅದಕ್ಕೆ ಗೊತ್ತೂ ಇಲ್ಲ. ಇಂಜಿನ್ನಿನ ಕಂಪ್ಯೂಟರ್ ನೋಡುವುದು ಕ್ರ್ಯಾಂಕ್ ಶಾಫ್ಟ್ ತಿರುಗುವ ವೇಗವನ್ನು. ಒಂದೊಂದು ಸಿಲಿಂಡರ್ ಹೊತ್ತಿದಾಗಲೂ ಶಾಫ್ಟಿಗೆ ಒಂದು ತಳ್ಳು ಸಿಗುತ್ತದೆ. ಮೂರನೆಯದರ ಸರದಿಯಲ್ಲಿ ಆ ತಳ್ಳು ಸಿಗದೆ ಶಾಫ್ಟ್ ತುಸು ನಿಧಾನವಾದರೆ ಕಂಪ್ಯೂಟರ್ ಲೆಕ್ಕ ಬರೆದುಕೊಳ್ಳುತ್ತದೆ. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ ಎಂಬುದು ಶಾಫ್ಟಿನ ವೇಗದಿಂದ ತಿಳಿಯುವಂಥದ್ದಲ್ಲ.

ಹಣ ಪೋಲಾಗುವುದು ಇಲ್ಲಿಯೇ. ಕೋಡ್ ನೋಡಿದ ಕೂಡಲೇ ನಾಲ್ಕೂ ಪ್ಲಗ್ ಬದಲಿಸುವವರಿದ್ದಾರೆ, ಅದಕ್ಕೂ ಬಗ್ಗದಿದ್ದರೆ ನಾಲ್ಕೂ ಕಾಯಿಲ್, ಆಮೇಲೆ ಇಂಜೆಕ್ಟರ್ ಕ್ಲೀನಿಂಗ್. ಕೊನೆಗೆ ಗಾಡಿ ಸರಿಯಾಗುತ್ತದೆ, ಆದರೆ ಯಾವುದರಿಂದ ಸರಿಯಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ತಗ್ಗಿನಲ್ಲಿಲ್ಲದ ತೊಂದರೆ ಏರಿನಲ್ಲಿ ಯಾಕೆ? ಸುಮ್ಮನೆ ನಿಂತು ತಿರುಗುವ ಇಂಜಿನ್ ಬಹಳ ಕಡಿಮೆ ಗಾಳಿ ಎಳೆದುಕೊಳ್ಳುತ್ತದೆ. ಏರಿನಲ್ಲಿ ಥ್ರಾಟಲ್ ಅಗಲವಾಗಿ ತೆರೆದು ಸಿಲಿಂಡರ್ ತುಂಬ ಗಾಳಿ ನುಗ್ಗುತ್ತದೆ; ಪಿಸ್ಟನ್ ಅದನ್ನು ಒತ್ತಿ ಇಡುಕಿದಾಗ ಒತ್ತಡ ಹಲವು ಪಟ್ಟಾಗಿರುತ್ತದೆ. ಕಿಡಿ ಹಾರಬೇಕಾದದ್ದು ಆ ದಟ್ಟಣೆಯೊಳಗೆ. ಪ್ಲಗ್ಗಿನ ತುದಿಯ ಒಂದು ಮಿಲಿಮೀಟರಿನಷ್ಟು ಸಂದನ್ನು ಜಿಗಿಯುವುದು ಅದೇ ಕಿಡಿಯೇ ಆದರೂ, ಖಾಲಿ ಮೈದಾನ ದಾಟುವುದಕ್ಕೂ ಜಾತ್ರೆಯ ಗುಂಪಿನಲ್ಲಿ ನುಗ್ಗುವುದಕ್ಕೂ ಇರುವಷ್ಟೇ ವ್ಯತ್ಯಾಸ. ಐಡ್ಲಿಂಗ್‌ನಲ್ಲಿ ಹತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಆಗುವ ಕೆಲಸಕ್ಕೆ ಪೂರ್ತಿ ಭಾರದಲ್ಲಿ ಇಪ್ಪತ್ತು ಸಾವಿರವೋ ಅದಕ್ಕೂ ಹೆಚ್ಚೋ ಬೇಕಾಗುತ್ತದೆ. ಒಳ್ಳೆಯ ಕಾಯಿಲ್ ಮೂವತ್ತು ಸಾವಿರ ವೋಲ್ಟ್ ದಾಟಿ ಕೊಡಬಲ್ಲದು. ಒಳಗಿನ ತಂತಿಯ ಸುತ್ತು ಕೆಟ್ಟಿದ್ದರೆ, ಅಥವಾ ಪ್ಲಗ್ಗಿಗೆ ಕೂರುವ ರಬ್ಬರ್ ಬೂಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಹದಿನೈದು ಸಾವಿರಕ್ಕೇ ಅದರ ಕೈ ಸೋಲಬಹುದು. ಬಿರುಕಿದ್ದಾಗ ವಿದ್ಯುತ್ತು ಪ್ಲಗ್ಗಿನ ಸಂದನ್ನು ಬಿಟ್ಟು, ಸುಲಭದ ದಾರಿ ಹಿಡಿದು ಇಂಜಿನ್ ಹೆಡ್ಡಿನ ಲೋಹಕ್ಕೆ ಹಾರಿಬಿಡುತ್ತದೆ.

ಹಾಗಾಗಿ ಮಲ್ಟಿಮೀಟರ್ ಹಿಡಿದು ಕಾಯಿಲ್ಲಿನ ಓಮ್ ಅಳೆದು ‘ಇದು ಸರಿ ಇದೆ’ ಅನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಮೀಟರ್ ಅಳೆಯುವುದು ತಣ್ಣಗಿರುವ ಕಾಯಿಲನ್ನು, ಬ್ಯಾಟರಿ ಸೆಲ್ಲಿನಷ್ಟು ವೋಲ್ಟಿನಲ್ಲಿ. ಅದು ಸೋಲುವುದು ಬಿಸಿಯಾದ ಮೇಲೆ, ಸಾವಿರಾರು ವೋಲ್ಟಿನಲ್ಲಿ. ಪೂರ್ತಿ ತುಂಡಾದ ತಂತಿಯನ್ನು ಮೀಟರ್ ಹಿಡಿಯುತ್ತದೆ, ಬಲ ಕುಂದಿದ ಕಾಯಿಲ್ ಪರೀಕ್ಷೆ ಪಾಸಾಗಿಬಿಡುತ್ತದೆ.

ಪ್ಲಗ್ ಕೆಡುವುದು ಎರಡು ಬಗೆಯಲ್ಲಿ. ಎಲೆಕ್ಟ್ರೋಡ್ ಸವೆದು ಸಂದು ದೊಡ್ಡದಾಗುವುದು ಒಂದು. ಆಗ ಕಾಯಿಲ್ ಗಟ್ಟಿಯಾಗಿದ್ದರೂ ಜಿಗಿಯಬೇಕಾದ ದೂರ ಹೆಚ್ಚುತ್ತದೆ, ಲಕ್ಷಣವೆಲ್ಲ ದುರ್ಬಲ ಕಾಯಿಲ್ಲಿನದೇ ಆಗಿ ಕಾಣುತ್ತದೆ. ಇನ್ನೊಂದು, ತುದಿಯ ಬಿಳಿ ಪಿಂಗಾಣಿಯ ಮೇಲೆ ಮಸಿ ಕೂರುವುದು. ಮಸಿಯ ಮೇಲೆ ವಿದ್ಯುತ್ತು ಹರಿಯುತ್ತದೆ, ಕಿಡಿಯಾಗುವ ಮೊದಲೇ ಸೋರಿಹೋಗುತ್ತದೆ. ಮಸಿ ಹಿಡಿದ ಪ್ಲಗ್ ಸಾಮಾನ್ಯವಾಗಿ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲೂ ಕಾಟ ಕೊಡುತ್ತದೆ. ಟೀಚರ ಕಾರು ಹಾಗೆ ಮಾಡುತ್ತಿರಲಿಲ್ಲ.

ಇಂಜೆಕ್ಟರಿನ ಕತೆ ಬೇರೆ. ಅದರ ಸೂಕ್ಷ್ಮ ತೂತುಗಳಲ್ಲಿ ಕೊಳೆ ಕೂತು, ಬರಬೇಕಾದ ಪೆಟ್ರೋಲಿನ ಐದರಲ್ಲಿ ನಾಲ್ಕು ಪಾಲು ಮಾತ್ರ ಬರುತ್ತಿದೆ ಎಂದುಕೊಳ್ಳೋಣ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿಗೆ ನಾಲ್ಕು ಸಿಲಿಂಡರುಗಳ ಹೊಗೆಯೂ ಬೆರೆತೇ ಸಿಗುತ್ತದೆ. ಅದರ ಪಾಲಿಗೆ ಕೊರತೆ ಶೇಕಡಾ 5 ಮಾತ್ರ. ಕಂಪ್ಯೂಟರ್ ನಾಲ್ಕಕ್ಕೂ ಶೇಕಡಾ 5ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಸರಿಯಿದ್ದ ಮೂರಕ್ಕೆ ಅದು ಜಾಸ್ತಿಯಾಯಿತು, ಕೊರತೆಯಿದ್ದದ್ದು ಇನ್ನೂ ಶೇಕಡಾ 16ರಷ್ಟು ಹಸಿದೇ ಉಳಿಯಿತು. ಆದರೆ ಇಂಥ ಕೊರತೆ ಏರಿಗೆಂದು ಕಾದು ಕೂರುವುದಿಲ್ಲ. ಐಡ್ಲಿಂಗ್‌ನಲ್ಲೂ ಸ್ವಲ್ಪ ನಡುಕ ಕಾಣುವುದೇ ಹೆಚ್ಚು. ಐಡ್ಲಿಂಗ್ ನುಣುಪಾಗಿದ್ದು ಭಾರದಲ್ಲಿ ಮಾತ್ರ ಮಿಸ್ ಆದರೆ ಮೊದಲ ಅನುಮಾನ ಕಿಡಿಯ ಮೇಲೆಯೇ ಇರಲಿ.

ಸ್ಕ್ಯಾನರ್ ನೋಡಿ ಓದುವವರು ಎಡವುವ ಒಂದು ಜಾಗವಿದೆ. ಕಿಡಿ ತಪ್ಪಿದಾಗ ಪೆಟ್ರೋಲೂ ಗಾಳಿಯೂ ಸುಡದೆ ಹೊರಬರುತ್ತವೆ. ಸೆನ್ಸರಿಗೆ ಕಾಣುವುದು ಆಕ್ಸಿಜನ್ ಮಾತ್ರ. ‘ಗಾಳಿ ಹೆಚ್ಚಿದೆ, ಪೆಟ್ರೋಲ್ ಸಾಲದು’ ಎಂದು ಅದು ವರದಿ ಮಾಡುತ್ತದೆ. ಅದನ್ನು ನಂಬಿ ಇಂಜೆಕ್ಟರ್ ಬಿಚ್ಚಿದವರಿದ್ದಾರೆ. ಪೆಟ್ರೋಲ್ ಹೊಂದಾಣಿಕೆಯನ್ನು ತೋರಿಸುವ LTFT ಅಂಕಿಯನ್ನು ಗಾಡಿ ಮಿಸ್ ಹೊಡೆಯದೆ ಸಮ ರಸ್ತೆಯಲ್ಲಿ ಓಡುತ್ತಿರುವಾಗಲೇ ನೋಡಬೇಕು. ಟೀಚರ ಕಾರಿನಲ್ಲಿ ಆಗ ಅದು ಸೊನ್ನೆಯ ಹತ್ತಿರವೇ ಇತ್ತು.

“ನಾಲ್ಕೂ ಪ್ಲಗ್, ನಾಲ್ಕೂ ಕಾಯಿಲ್ ತಗೊಂಡು ಬರಬೇಕಾ?” ಎಂದು ಟೀಚರ್ ಕೇಳಿದ್ದರು. “ಈಗ ಎಂತದ್ದೂ ತಗೊಳ್ಳುವುದು ಬೇಡ ಟೀಚರ್. ಇದ್ದದ್ದನ್ನೇ ಜಾಗ ಬದಲಿಸಿ ನೋಡುವ,” ಎಂದರು ಮೆಕ್ಯಾನಿಕ್.

ಈ ಕಾರಿನಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ, ನಾಲ್ಕೂ ಒಂದೇ ಜಾತಿಯವು. ಇಂಜಿನ್ ತಣ್ಣಗಾದ ಮೇಲೆ ಅವರು ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಅಲ್ಲಿದ್ದದ್ದನ್ನು ಮೂರಕ್ಕೆ ತಂದರು. ಮೂರನೆಯದರ ಪ್ಲಗ್ಗನ್ನು ಎರಡಕ್ಕೆ ಹಾಕಿ, ಎರಡರದ್ದನ್ನು ಮೂರಕ್ಕೆ ತಂದರು. ಇಂಜೆಕ್ಟರನ್ನು ಮುಟ್ಟಲಿಲ್ಲ. ಈಗ ಮೂರು ಆರೋಪಿಗಳು ಮೂರು ಮನೆಯಲ್ಲಿದ್ದಾರೆ: ಕಾಯಿಲ್ ಒಂದರಲ್ಲಿ, ಪ್ಲಗ್ ಎರಡರಲ್ಲಿ, ಇಂಜೆಕ್ಟರ್ ಮೂರರಲ್ಲೇ. ಕೋಡ್ ಅಳಿಸಿ ಮತ್ತೆ ಘಾಟಿ ಹತ್ತಿದರೆ ಯಾವ ಮನೆಯಿಂದ ದೂರು ಬರುತ್ತದೆಂದು ನೋಡಿದರಾಯಿತು. P0301 ಬಂದರೆ ಕಾಯಿಲ್. P0302 ಬಂದರೆ ಪ್ಲಗ್. ಮತ್ತೆ P0303 ಬಂದರೆ ಇವೆರಡೂ ನಿರಪರಾಧಿಗಳು.

ಪ್ಲಗ್ ಬಿಚ್ಚುವ ಮೊದಲು ಗುಂಡಿಯೊಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯದಿದ್ದರೆ ಆ ಮಣ್ಣೆಲ್ಲ ಸಿಲಿಂಡರಿಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗೂ ಮಾತಾಡುತ್ತದೆ. ಕಿಡಿ ಸಿಗದ ಸಿಲಿಂಡರಿನ ಪ್ಲಗ್ ಕಪ್ಪಾಗಿ, ಒದ್ದೆಯಾಗಿ, ಪೆಟ್ರೋಲ್ ವಾಸನೆ ಹೊಡೆಯುತ್ತಿರುತ್ತದೆ. ಪೆಟ್ರೋಲ್ ಸಿಗದ ಸಿಲಿಂಡರಿನದು ಒಣಗಿ ಬೆಳ್ಳಗಿರುತ್ತದೆ. ಟೀಚರ ಕಾರಿನ ಮೂರನೇ ಪ್ಲಗ್ ಉಳಿದವಕ್ಕಿಂತ ಕಪ್ಪಾಗಿತ್ತು. ಆದರೆ ಕಪ್ಪಾದ ಪ್ಲಗ್ ಮಿಸ್ಸಿಗೆ ಕಾರಣವೋ, ಮಿಸ್ಸಿನ ಫಲವೋ? ನೋಡಿ ಹೇಳಲಾಗದು. ಜಾಗ ಬದಲಿಸುವುದು ಅದಕ್ಕೇ.

ಪರೀಕ್ಷೆಯ ಓಟ ಗ್ಯಾರೇಜಿನ ಅಂಗಳದಲ್ಲಿ ಆಗುವಂಥದ್ದಲ್ಲ. ಕೋಡ್ ದಾಖಲಾದ ಕ್ಷಣದ ಸ್ಥಿತಿಯನ್ನು ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ, ಸ್ಕ್ಯಾನರಿನಲ್ಲಿ ಅದು Freeze Frame ಎಂದು ಕಾಣುತ್ತದೆ. ಇಲ್ಲಿ ಸಿಕ್ಕಿದ್ದು ಗಂಟೆಗೆ 38 ಕಿಲೋಮೀಟರ್ ವೇಗ, 2300 ಆರ್‌ಪಿಎಮ್, ಭಾರ ಶೇಕಡಾ 88, ಇಂಜಿನ್ ಪೂರ್ತಿ ಬಿಸಿ. ಅದೇ ಏರು, ಅದೇ ಗೇರು, ಅಷ್ಟೇ ಒತ್ತು. ದೀಪ ಮಿನುಗಿದ ಕೂಡಲೇ ಕಾಲು ತೆಗೆಯಬೇಕು. ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದರೆ ಅದು ಕರಗಿಯೇ ಹೋಗಬಹುದು, ಅದರ ಬೆಲೆಯ ಮುಂದೆ ಕಾಯಿಲ್ಲಿನ ಬೆಲೆ ಏನೂ ಅಲ್ಲ. ಹಳೆಯ ಗಾಡಿಗಳಲ್ಲಿ ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ವಯರ್ ಕಿತ್ತು ನೋಡುತ್ತಿದ್ದರಲ್ಲ, ಇಲ್ಲಿ ಅದನ್ನು ಮಾಡಬಾರದು. ಹೋಗಲು ದಾರಿಯಿಲ್ಲದ ಕಿಡಿ ಕಾಯಿಲ್ಲನ್ನೋ ಅದನ್ನು ನಡೆಸುವ ಎಲೆಕ್ಟ್ರಾನಿಕ್ಸನ್ನೋ ಸುಡಬಹುದು, ಕೈಗೂ ಹೊಡೆಯಬಹುದು.

ಘಾಟಿಯ ಅರ್ಧದಲ್ಲೇ ಉತ್ತರ ಬಂತು: P0301. ಕಾಯಿಲ್ ಹೋದಲ್ಲಿಗೇ ರೋಗವೂ ಹೋಗಿತ್ತು. ಬಿಚ್ಚಿ ಬೂಟನ್ನು ಬೆಳಕಿಗೆ ಹಿಡಿದಾಗ ಒಳಮೈಯಲ್ಲಿ ಪೆನ್ಸಿಲ್ ಗೀರಿನಂಥ ಸಣ್ಣ ಕಪ್ಪು ಗೆರೆ ಕಂಡಿತು. ಕಿಡಿ ಕದ್ದು ಹರಿದ ದಾರಿ ಅದು. ಅಷ್ಟಕ್ಕೆ ಮುಗಿಸಿದ್ದರೆ ಮತ್ತೆ ಬರಬೇಕಾಗುತ್ತಿತ್ತು. ಫೀಲರ್ ಗೇಜ್ ಇಟ್ಟು ನೋಡಿದರೆ ನಾಲ್ಕೂ ಪ್ಲಗ್ಗಿನ ಸಂದು 1.3 ಮಿಲಿಮೀಟರ್ ಮೀರಿತ್ತು, ಆ ಇಂಜಿನ್ನಿಗೆ ಕಂಪನಿ ಹೇಳಿದ್ದು 0.9. ಸಂದು ಅಗಲವಾದಷ್ಟೂ ಕಾಯಿಲ್ ಹೆಚ್ಚು ವೋಲ್ಟ್ ಏರಿಸಬೇಕು, ಏರಿದ ವೋಲ್ಟ್ ಬೂಟಿನ ದುರ್ಬಲ ಜಾಗ ಹುಡುಕಿಕೊಂಡು ಸೋರುತ್ತದೆ. ಕಾಯಿಲನ್ನು ಕೊಂದದ್ದು ಹಳೆಯ ಪ್ಲಗ್ಗು. ಹಾಗಾಗಿ ಕಾಯಿಲ್ ಒಂದು, ಪ್ಲಗ್ ನಾಲ್ಕು ಬದಲಾದವು. ಉಳಿದ ಮೂರು ಕಾಯಿಲ್ ಹಾಗೆಯೇ ಉಳಿದವು.

ಜಾಗ ಬದಲಿಸಿದ ಮೇಲೆ ಮಿಸ್ ಎಲ್ಲೂ ಬಾರದೆ ಮಾಯವಾಗುವುದೂ ಉಂಟು. ಕಾಯಿಲ್ಲಿನ ಕನೆಕ್ಟರ್ ಸಡಿಲವಿದ್ದು, ಬಿಚ್ಚಿ ಹಾಕುವಾಗ ಗಟ್ಟಿಯಾಗಿ ಕೂತಿರಬಹುದು. ಅಂಥಲ್ಲಿ ಯಾವುದನ್ನೂ ಕೊಳ್ಳದೆ ಕೆಲವು ದಿನ ಓಡಿಸಿ ನೋಡುವುದೇ ಸರಿ.

ಕೋಡ್ ಮೂರರಲ್ಲೇ ಉಳಿದಿದ್ದರೆ ಮುಂದಿನ ಸರದಿ ಇಂಜೆಕ್ಟರಿನದು. ಅದನ್ನು ಕೊನೆಗಿಡುವುದು ಅನುಮಾನ ಕಡಿಮೆಯೆಂದು ಮಾತ್ರವಲ್ಲ. ಬಿಚ್ಚಬೇಕಾದರೆ ಪೈಪಿನ ಪೆಟ್ರೋಲ್ ಒತ್ತಡ ಇಳಿಸಬೇಕು, ಹೊಸ ಓ-ರಿಂಗ್ ಹಾಕಬೇಕು, ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಚೆಲ್ಲಿದರೆ ಬೆಂಕಿ. ಕಿವಿಗೊಟ್ಟರೆ ಟಿಕ್ ಟಿಕ್ ಸದ್ದು ಕೇಳುತ್ತದೆಂದು ಅದನ್ನು ಬಿಟ್ಟುಬಿಡುವಂತಿಲ್ಲ. ಸದ್ದಿನಿಂದ ಸೂಜಿ ತೆರೆಯುತ್ತಿದೆಯೆಂದು ಗೊತ್ತಾಗುತ್ತದೆಯೇ ಹೊರತು ಎಷ್ಟು ಪೆಟ್ರೋಲ್ ಬರುತ್ತಿದೆಯೆಂದಲ್ಲ. ನಾಲ್ಕನ್ನೂ ಯಂತ್ರಕ್ಕೆ ಹಾಕಿ, ಗೆರೆ ಎಳೆದ ಗಾಜಿನ ಕೊಳವೆಗಳಿಗೆ ಒಂದೇ ಹೊತ್ತು ಸುರಿಸಿ ಹೋಲಿಸಿದರೆ ಕೊರತೆ ಕಣ್ಣಿಗೇ ಕಾಣುತ್ತದೆ. ಅಲ್ಲೂ ಸಮವಿದ್ದರೆ ಆ ಇಂಜೆಕ್ಟರಿಗೆ ಬರುವ ವಯರು, ಕಂಪ್ರೆಶನ್, ವಾಲ್ವ್ ಕಡೆ ನೋಡಬೇಕು.

ಸಿಎನ್‌ಜಿ ಕೂಡ ಇರುವ ಕಾರಾದರೆ ಇಂಜೆಕ್ಟರ್ ಬಿಚ್ಚುವ ಮೊದಲೇ ಅರ್ಧ ಉತ್ತರ ಸ್ವಿಚ್ಚಿನಲ್ಲೇ ಸಿಗುತ್ತದೆ. ಪೆಟ್ರೋಲಿಗೂ ಸಿಎನ್‌ಜಿಗೂ ಇಂಜೆಕ್ಟರ್ ಬೇರೆ ಬೇರೆ, ಕಾಯಿಲ್ಲೂ ಪ್ಲಗ್ಗೂ ಒಂದೇ. ಅದೇ ಏರಿನಲ್ಲಿ ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆದರೆ ಪೆಟ್ರೋಲ್ ಇಂಜೆಕ್ಟರಿನ ಮೇಲೆ ಅನುಮಾನ. ಎರಡರಲ್ಲೂ ಅದೇ ಸಿಲಿಂಡರ್ ಮಿಸ್ ಆದರೆ ಇಂಜೆಕ್ಟರನ್ನು ಮುಟ್ಟುವ ಅಗತ್ಯವೇ ಬರಲಾರದು. ಸಿಎನ್‌ಜಿಯಲ್ಲಿ ಮಾತ್ರ ಆದರೆ ಮಾತ್ರ ಆತುರ ಬೇಡ: ಆ ಅನಿಲವನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟ್ ಬೇಕು. ದುರ್ಬಲ ಕಾಯಿಲ್ ಮೊದಲು ಸೋಲುವುದು ಅಲ್ಲಿಯೇ, ಪೆಟ್ರೋಲಿನಲ್ಲಿ ಇನ್ನೂ ಕೆಲವು ತಿಂಗಳು ಅದು ಚೆನ್ನಾಗಿಯೇ ಓಡಿಸಬಹುದು.